ಇಪ್ಪತ್ತೆರಡು ಸಾವಿರದ ಅಂಚು

ಪುಣೆಯ ಕೊಥ್ರೂಡ್‌ನ ಬಾಡಿಗೆ ಕೋಣೆಯಲ್ಲಿ ಕೂತು ಸಬ್‌ಟೈಟಲ್ ಅನುವಾದ ಮಾಡಲು ಶುರು ಮಾಡಿದ ಮೊದಲ ಪೂರ್ತಿ ವರ್ಷ 2023-24. ಕೈಗೆ ಬರಬೇಕಾದದ್ದು 7,60,000 ರೂಪಾಯಿ. ಗ್ರಾಹಕರು ಶೇ. 10ರಂತೆ 76,000 ಟಿಡಿಎಸ್ ಹಿಡಿದುಕೊಂಡಿದ್ದರು. ಆ ಹಣ ಪೂರ್ತಿ ವಾಪಸು ಬರುತ್ತದೆ, ಧಾರವಾಡದಲ್ಲಿ ಓದುತ್ತಿದ್ದ ತಂಗಿಯ ಫೀಸಿಗೆ ಆಗುತ್ತದೆ ಎಂದು ನಾನು ಅವ್ವನಿಗೆ ಹೇಳಿಬಿಟ್ಟಿದ್ದೆ.

ಆ ವರ್ಷ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ 7 ಲಕ್ಷದೊಳಗಿದ್ದರೆ ತೆರಿಗೆ ಇರಲಿಲ್ಲ. ಆದಾಯವೆಂದರೆ ಬಂದ ಹಣದಲ್ಲಿ ಕೆಲಸದ ಖರ್ಚು ಕಳೆದು ಉಳಿದದ್ದು. ಹೊಸ ಪದ್ಧತಿಯಲ್ಲೂ ಈ ಖರ್ಚು ಕಳೆಯಬಹುದು. ದೀಪಾವಳಿ ಆಫರ್‌ನಲ್ಲಿ 80,000 ಕೊಟ್ಟು ಕೊಂಡ ಲ್ಯಾಪ್‌ಟಾಪ್ ಒಂದೇ ಸಾಕು, 7 ಲಕ್ಷದ ಕೆಳಗಿಳಿದೆ ಎಂದುಕೊಂಡಿದ್ದೆ.

ಲೆಕ್ಕ ನೋಡುವವರು ಬೆಳಗಾವಿ ಕಡೆಯ ಹಿರಿಯರು. ನನ್ನ ಚೀಟಿ ನೋಡಿ ನಕ್ಕರು. "ಲ್ಯಾಪ್‌ಟಾಪ್ ಖರ್ಚಲ್ಲವ್ವಾ, ಆಸ್ತಿ. ಎಮ್ಮಿ ತಂದಂಗ. ವರ್ಷಾ ವರ್ಷಾ ಒಂದಿಷ್ಟು ಸವದದ್ದನ್ನಷ್ಟ ಕಳೀಬೇಕು."

ಕಂಪ್ಯೂಟರಿಗೆ ಸವಕಳಿ ವರ್ಷಕ್ಕೆ ಶೇ. 40. ಆದರೆ ಆ ವರ್ಷ ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದರೆ ಅರ್ಧ ಮಾತ್ರ. ನಾನು ನವೆಂಬರ್ 10ರಿಂದ ಬಳಸಿದ್ದರಿಂದ ಶೇ. 20, ಅಂದರೆ 16,000. ಅಕ್ಟೋಬರ್ ಮೊದಲ ದಿನಗಳಲ್ಲೇ ಕೊಂಡು ಬಳಸಿದ್ದರೆ 32,000 ಆಗುತ್ತಿತ್ತು. ಅದೇ ಯಂತ್ರದಲ್ಲಿ ಸಿನಿಮಾನೂ ನೋಡುತ್ತೇನೆಂದು ಒಪ್ಪಿಕೊಂಡೆ. ಕೆಲಸದ ಪಾಲು ಶೇ. 80 ಎಂದು ಬರೆದರು. ಉಳಿದದ್ದು 12,800.

ಇಂಟರ್ನೆಟ್ಟಿಗೆ ವರ್ಷಕ್ಕೆ 12,000. ರೂಮ್‌ಮೇಟೂ ಬಳಸುತ್ತಾಳೆ, ಹಾಗಾಗಿ ಶೇ. 60 ಮಾತ್ರ, 7,200. ಸಬ್‌ಟೈಟಲ್ ಸಾಫ್ಟ್‌ವೇರಿನ ವಾರ್ಷಿಕ ಚಂದಾ 18,000 ಮಾತ್ರ ಪೂರ್ತಿ ಸಿಕ್ಕಿತು. ಅದು ಆ ವರ್ಷವೇ ಮುಗಿಯುವ ಖರ್ಚು, ಬಳಸುವುದೂ ಕೆಲಸಕ್ಕಷ್ಟೇ. ಒಮ್ಮೆ ಕೊಂಡು ಕಾಯಂ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಆಗಿದ್ದರೆ ಅದೂ ಲ್ಯಾಪ್‌ಟಾಪಿನ ಹಾಗೆ ಸವಕಳಿಯ ಲೆಕ್ಕಕ್ಕೇ ಹೋಗುತ್ತಿತ್ತು.

ಒಟ್ಟು 38,000. ಆದಾಯ 7,22,000.

"ಇನ್ನೇನರ ಅದ ಏನು?" ಎಂದರು. ಇತ್ತು. ಗ್ರಾಹಕರನ್ನು ನೋಡಲು ಮುಂಬೈಗೆ ಓಡಾಡಿದ 11,000 ರೂಪಾಯಿಯ ಟ್ಯಾಕ್ಸಿ, ಲಾಡ್ಜ್ ರಸೀದಿಗಳು. ಲಕೋಟೆ ತೆರೆದರೆ ಥರ್ಮಲ್ ಕಾಗದವೆಲ್ಲ ಬೆಳ್ಳಗಾಗಿತ್ತು. ಕೊಟ್ಟದ್ದು ನಗದು, ಬ್ಯಾಂಕಿನಲ್ಲೂ ಗುರುತಿಲ್ಲ. ಜೊತೆಗೆ ಕರಡು ತಿದ್ದಿಕೊಟ್ಟ ಗೆಳತಿಗೆ ಒಂದೇ ದಿನ ಕೊಟ್ಟ 12,000. ಅದಕ್ಕೆ ಅವಳ ಸಹಿ ಇರುವ ಬಿಲ್ ಇತ್ತು. ಆದರೆ ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಇಡಿಯಾಗಿ ಬಿದ್ದುಹೋಗುತ್ತದೆ. ಯುಪಿಐ ಮಾಡಿದ್ದರೆ ಉಳಿಯುತ್ತಿತ್ತು.

ಆ ಎರಡೂ ಸೇರಿದರೆ 23,000. ಅವು ನಿಂತಿದ್ದರೆ ನನ್ನ ಆದಾಯ 6,99,000, ತೆರಿಗೆ ಸೊನ್ನೆ. ಈಗ 7 ಲಕ್ಷ ದಾಟಿದ್ದರಿಂದ ಮಾಮೂಲಿ ದರದಲ್ಲಿ 27,200 ಆಗುತ್ತಿತ್ತು. ಅಂಚಿನವರಿಗೆ ರಿಯಾಯಿತಿ ಇದ್ದದ್ದರಿಂದ ದಾಟಿದಷ್ಟು ಮೊತ್ತ, 22,000, ಅದರ ಮೇಲೆ ಶೇ. 4 ಸೆಸ್: 22,880. ಅಂದರೆ ಆ ಅಂಚಿನಲ್ಲಿ ಕಳೆದುಹೋದ ಒಂದು ರೂಪಾಯಿ ಬಿಲ್ಲಿಗೆ ಒಂದು ರೂಪಾಯಿಗೂ ಮೀರಿ ತೆರಿಗೆ. ವಾಪಸು ಬಂದದ್ದು 53,120. ಉಳಿದದ್ದನ್ನು ಗೆಳತಿಯ ಹತ್ತಿರವೇ ಸಾಲ ಮಾಡಿ ತಂಗಿಗೆ ಕಳಿಸಿದೆ.

ಡಾಕ್ಟರು, ವಕೀಲರು, ಎಂಜಿನಿಯರುಗಳಂಥ ಪಟ್ಟಿಯಲ್ಲಿರುವ ವೃತ್ತಿಯವರು ಬಂದ ಹಣದ ಅರ್ಧವನ್ನೇ ಲಾಭವೆಂದು ತೋರಿಸಿ ಬಿಲ್ಲುಗಳ ಗೋಜಿನಿಂದ ಪಾರಾಗಬಹುದು. ಆ ಪಟ್ಟಿಯಲ್ಲಿ ಅನುವಾದಕರ ಹೆಸರಿಲ್ಲ. ಹಾಗಾಗಿ ನನಗೆ ಲೆಕ್ಕವೇ ಗತಿ.

ಈಗ ಕೆಲಸದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇದೆ. ರಸೀದಿ ಕೈಗೆ ಬಂದ ದಿನವೇ ಫೋಟೊ ತೆಗೆದು ಆ ತಿಂಗಳ ಫೋಲ್ಡರಿಗೆ ಹಾಕುತ್ತೇನೆ. ಒಂದು ಶೀಟಿನಲ್ಲಿ ತಾರೀಖು, ಯಾರಿಗೆ, ಯಾವ ಕೆಲಸಕ್ಕೆ, ಮೊತ್ತ, ಕೆಲಸದ ಪಾಲು ಎಷ್ಟು ಎಂದು ಐದು ಕಾಲಂ. ಪಾಲನ್ನು ಯಾಕೆ ಹಾಗೆ ಹಾಕಿದೆ ಎಂದು ಒಂದು ಸಾಲು ಬರೆದಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ನನಗೇ ನೆನಪಿರುವುದಿಲ್ಲ. ತಿಂಗಳ ಕೊನೆಯ ಭಾನುವಾರ ಶೀಟನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡುತ್ತೇನೆ. ಇದಕ್ಕೆ ಅರ್ಧ ಗಂಟೆ ಸಾಕು. 2023-24ರ ಕಾಗದಗಳನ್ನು 2031ರ ಮಾರ್ಚ್‌ವರೆಗೆ ಇಟ್ಟುಕೋ ಎಂದಿದ್ದಾರೆ ಹಿರಿಯರು, ಇಟ್ಟಿದ್ದೇನೆ.

2025-26ಕ್ಕೆ ಆ 7 ಲಕ್ಷದ ಮಿತಿ 12 ಲಕ್ಷವಾಗಿದೆ. ಅಂಚು ದೂರ ಸರಿದಿದೆ, ಅಷ್ಟೆ. ಬೆಳ್ಳಗಾದ ಆ ರಸೀದಿಗಳ ಲಕೋಟೆ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.