ಕೊಂಡಿ ಎಲ್ಲಿ ಹೋತ್ರೀ?

ಹೋದ ವರ್ಷ ದೀಪಾವಳಿಗೆ ಮೊದಲು ಇಳಕಲ್ ಸೀರೆ ಮಾರುವ ಅಂಗಡಿಯೊಂದರ ಕ್ಯಾಟಲಾಗಿಗೆ ಫೋಟೋ ಸರಿಪಡಿಸುವ ಕೆಲಸ ನನಗೆ ಸಿಕ್ಕಿತು. 60 ಸೀರೆ, 12 ಖಣದ ಕುಪ್ಪಸ. ಸೀರೆಗಳ ಮೇಲೆ ರೇಟಿನ ಚೀಟಿ ಅಂಟಿಸಿದ್ದರು, ಕುಪ್ಪಸಗಳು ಹ್ಯಾಂಗರಿನಲ್ಲಿದ್ದವು. ಇವೆಲ್ಲ ಕಾಣಬಾರದು, ನೇಯ್ಗೆ ಮಾತ್ರ ಇದ್ದಂತೆಯೇ ಕಾಣಬೇಕು ಎಂದಿದ್ದರು ಅಂಗಡಿಯ ಅಕ್ಕ.

ಮೊದಲ ಸೀರೆಗೆ ನೀಲಿ ಚೌಕಳಿಯ ಒಡಲು, ಕೆಂಪು ಸೆರಗು. ಅವೆರಡೂ ಸೇರುವ ಗೆರೆಯ ಮೇಲೇ ಚೀಟಿ ಕೂತಿತ್ತು. ಫೋಟೋಶಾಪಿನ ಹೀಲಿಂಗ್ ಬ್ರಷ್ ತೆಗೆದುಕೊಂಡು ಉಜ್ಜಿದೆ. ಚೀಟಿ ಮಾಯವಾಯಿತು. ಆದರೆ ಹೀಲಿಂಗ್ ಬ್ರಷ್ ಸುತ್ತಲಿನ ಬಣ್ಣವನ್ನು ಒಳಗೆ ಎಳೆದುಕೊಂಡು ಕಲೆಸುತ್ತದೆ. ಮುಖದ ಮೇಲಿನ ಮೊಡವೆಗೆ ಅದು ಸರಿ. ನೀಲಿಯ ಪಕ್ಕದಲ್ಲೇ ಕೆಂಪಿರುವ ಕಡೆ ಎರಡೂ ಸೇರಿ ಕೆಸರಿನಂಥ ನೇರಳೆ ಬಣ್ಣದ ಕಲೆ ಉಳಿಯಿತು. ಅದರ ಮೇಲೆ ಸೆರಗಿನ ಕೆಂಪನ್ನು ಮೆತ್ತಗೆ ಹಚ್ಚಿ ನುಣುಪು ಮಾಡಿ ಕಳಿಸಿಬಿಟ್ಟೆ.

ಸಂಜೆ ಫೋನ್ ಬಂತು. ‘ಕೊಂಡಿ ಎಲ್ಲಿ ಹೋತ್ರೀ? ಇದು ನಮ್ಮ ಸೀರೀನ ಅಲ್ಲ. ಪ್ರಿಂಟ್ ಹಾಕಿದ ಸೀರಿ ಇದ್ಧಾಂಗ ಕಾಣ್ತದ.’

ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡೂ ಹಾಸಿನ ಎಳೆಗಳನ್ನು ಕೊಂಡಿ ಸಿಕ್ಕಿಸಿದಂತೆ ಒಂದರೊಳಗೊಂದು ಕೂಡಿಸಿ ಮುಂದಕ್ಕೆ ನೇಯುತ್ತಾರೆ. ಕೂಡಿದ ಜಾಗದಲ್ಲಿ ಸೀರೆಯ ಅಗಲಕ್ಕೂ ತೆಳುವಾದ ಒಂದು ಗೆರೆ ಉಳಿಯುತ್ತದೆ. ಸೀರೆ ಬಲ್ಲವರು ಮೊದಲು ನೋಡುವುದು ಅದನ್ನೇ. ಕೊಳಕು ಅಂದುಕೊಂಡು ನಾನು ಒರೆಸಿದ್ದು ಅದನ್ನೇ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೂಲ ಚಿತ್ರವನ್ನು ಮುಟ್ಟದೆ ಅದರ ಮೇಲೆ ಖಾಲಿ ಲೇಯರ್ ಇಟ್ಟು, ಈ ಸಲ ಕ್ಲೋನ್ ಸ್ಟಾಂಪ್ ಹಿಡಿದೆ. ಇದು ಬಣ್ಣ ಕಲೆಸುವುದಿಲ್ಲ. ಒಂದು ಜಾಗದಲ್ಲಿರುವುದನ್ನು ಎತ್ತಿ ಇನ್ನೊಂದು ಜಾಗಕ್ಕೆ ಹಾಗೆಯೇ ಇಡುತ್ತದೆ. ಹಾಗಾಗಿ ಎಲ್ಲಿಂದ ಎತ್ತುತ್ತೇವೆ ಎಂಬುದೇ ಮುಖ್ಯ. ಚೌಕಳಿಯ ಎರಡು ಗೆರೆ ಕೂಡುವ ಮೂಲೆಯಲ್ಲಿ ಆಲ್ಟ್ ಒತ್ತಿ ಗುರುತು ಮಾಡಿಕೊಂಡೆ. ಚೀಟಿಯ ಅಡಿ ಅಂಥದೇ ಮೂಲೆ ಎಲ್ಲಿ ಬರಬೇಕೋ ಎಣಿಸಿ, ಅಲ್ಲಿಂದಲೇ ಬಳಿಯತೊಡಗಿದೆ. ಒಂದೆಳೆ ತಪ್ಪಿದರೂ ಗೆರೆ ಮೆಟ್ಟಿಲಿನ ಹಾಗೆ ಮುರಿಯುತ್ತದೆ. ಕೊಂಡಿಯ ಗೆರೆಗೆ ಅದೇ ಗೆರೆಯ ಮೇಲೆ ಎರಡಿಂಚು ಆಚೆಯಿಂದ ತಂದೆ. ಅದು ಅದೇ ಸೀರೆಯ ಕೊಂಡಿ, ನಾನು ಬರೆದದ್ದಲ್ಲ.

ಇಲ್ಲಿ ಬ್ರಷ್ಷಿನ ಅಂಚು ತೀರ ಮೆತ್ತಗಿರಬಾರದು. ಮೆತ್ತನೆಯ ಅಂಚಿನಲ್ಲಿ ಹೊಸ ನೇಯ್ಗೆಯೂ ಹಳೆಯದೂ ಅರೆಬರೆಯಾಗಿ ಒಂದರ ಮೇಲೊಂದು ಬಿದ್ದು, ಎರಡೂ ಮಸುಕಾಗುತ್ತವೆ. ಒಪಾಸಿಟಿ ಕಡಿಮೆ ಮಾಡಿದರೂ ಇದೇ ಗತಿ. ನಾನು ಗಡಸುತನ ಶೇ. 85, ಒಪಾಸಿಟಿ ಶೇ. 100 ಇಟ್ಟೆ. ಒಂದೇ ಕಡೆಯಿಂದ ಎಲ್ಲವನ್ನೂ ಎತ್ತಿದರೆ ಇನ್ನೊಂದು ಆಪತ್ತು: ಅಲ್ಲಿ ಒಂದು ದಪ್ಪ ಎಳೆಯಿದ್ದರೆ ಅದು ಅವಳಿಜವಳಿಯಾಗಿ ಎರಡು ಕಡೆ ಕಾಣುತ್ತದೆ. ಅದಕ್ಕೇ ಮೂರು ಬೇರೆ ಬೇರೆ ಜಾಗದಿಂದ ತಂದೆ. ತಂದ ನೇಯ್ಗೆ ಮಡಿಕೆಯ ನೆರಳಿಗಿಂತ ತುಸು ಬೆಳ್ಳಗಿತ್ತು. ಅದನ್ನು ಉಜ್ಜಿ ಸರಿಮಾಡದೆ, ಬೇರೆ ಕರ್ವ್ಸ್ ಲೇಯರಿನಲ್ಲಿ ಬೆಳಕನ್ನಷ್ಟೇ ಇಳಿಸಿದೆ, ಎಳೆಗಳು ಅಲುಗಲಿಲ್ಲ.

ಮುಗಿದ ಮೇಲೆ ಚಿತ್ರದ ಕಾಂಟ್ರಾಸ್ಟನ್ನು ಒಂದು ಕ್ಷಣ ವಿಪರೀತ ಏರಿಸಿ ನೋಡುವುದು ಆಗಿನಿಂದ ನನ್ನ ರೂಢಿ. ತೇಪೆ ಹಾಕಿದ್ದು ಆಗ ತಾನಾಗಿ ಎದ್ದು ಕಾಣುತ್ತದೆ.

ಕುಪ್ಪಸಗಳಲ್ಲಿ ಈ ವಿದ್ಯೆಯೂ ನಡೆಯಲಿಲ್ಲ. ಹ್ಯಾಂಗರಿನ ಕೊಕ್ಕೆಯನ್ನು ಬಿಳಿ ಗೋಡೆಯ ಮೇಲಿಂದ ಅಳಿಸುವುದು ಸುಲಭ. ಆದರೆ ಕತ್ತಿನ ಒಳಗೆ ಕಾಣುತ್ತಿದ್ದ ಹ್ಯಾಂಗರಿನ ತೋಳು ಹೋದ ಮೇಲೆ ಅಲ್ಲಿ ಕಾಣಬೇಕಾದದ್ದು ಬೆನ್ನಿನ ಒಳಮೈ. ಖಣದ ಒಳಮೈಯ ನೇಯ್ಗೆ ಹೊರಮೈಯಂತೆ ಇರುವುದಿಲ್ಲ. ಎದೆಯ ಕಡೆಯ ಬುಟ್ಟಿಯನ್ನು ಎತ್ತಿ ಅಲ್ಲಿಟ್ಟರೆ ನೋಡಲು ಚೆಂದ, ಆದರೆ ಸುಳ್ಳು. ಅಕ್ಕನಿಗೆ ಫೋನ್ ಮಾಡಿ, ಪ್ರತಿ ಕುಪ್ಪಸವನ್ನೂ ಹ್ಯಾಂಗರಿನಿಂದ ತೆಗೆದು, ಅದೇ ಬೆಳಕಿನಲ್ಲಿ ಬೆನ್ನಿನ ಒಳಭಾಗದ ಇನ್ನೊಂದು ಫೋಟೋ ಕೇಳಿದೆ. ‘ಹನ್ನೆರಡೂ ಮತ್ತ ತೆಗೀಬೇಕೇನ್ರೀ?’ ಎಂದು ಗೊಣಗಿದರು, ಮರುದಿನ ಕಳಿಸಿದರು. ಆ ಚಿತ್ರಗಳನ್ನು ಕತ್ತಿನ ಒಳಗೆ ಕೂಡಿಸಿದೆ.

ಸೀರೆಯ ಎರಡನೆಯ ಚಿತ್ರ ನೋಡಿ ಅಕ್ಕ ಚೀಟಿಯ ಮಾತನ್ನೇ ಎತ್ತಲಿಲ್ಲ. ‘ಕೊಂಡಿ ಬಂತು ನೋಡ್ರಿ’ ಎಂದರು. ಉಳಿದ 59 ಸೀರೆಗಳಲ್ಲಿ ಚೀಟಿ ಮುಟ್ಟುವ ಮೊದಲು ನಾನು ಆ ಗೆರೆ ಎಲ್ಲಿದೆ ಎಂದು ಹುಡುಕಿದೆ.