ಕೊನೆಯ ಎಲೆಯವರೆಗೆ

ಮದುವೆ ಗೊತ್ತಾಗಿ ಅಡುಗೆಯವರನ್ನು ಕರೆಸಿದಾಗ ಅವರು ಮೊದಲು ಕೇಳುವುದು "ಎಲೆ ಎಷ್ಟು?" ಎಂದು. ದರ ಕಟ್ಟುವುದೂ ಎಲೆಗೆ ಇಷ್ಟು ಎಂದೇ. ನನಗೆ ಮಾತ್ರ ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆಯ ಮೇಲೆ ಪ್ರೀತಿ: ಜನ ಎಷ್ಟು ಬೇಕು? ಬಡಿಸಲು, ನೀರಿಗೆ, ಎಲೆ ಎತ್ತಲು. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಈ ಲೆಕ್ಕ ನನ್ನ ಪಾಲಿಗೆ ಬರುತ್ತದೆ. ಬರದಿದ್ದರೆ ಕೇಳಿ ಪಡೆಯುತ್ತೇನೆ.

ಅಕ್ಕನ ಮಗಳ ಮದುವೆಗೆ ಮುಹೂರ್ತದ ಊಟಕ್ಕೆ 600 ಜನ ಎಂದಾಗ ಅಕ್ಕ, "ಬಡಿಸೋಕೆ ನಲವತ್ತು ಜನರಾದ್ರೂ ಬೇಡ್ವೇನೋ?" ಎಂದು ಗಾಬರಿಯಾದಳು. ನಾನು ಛತ್ರದ ಊಟದ ಮನೆಗೆ ಹೋಗಿ ಕುರ್ಚಿಗಳನ್ನು ಎಣಿಸಿ ಬಂದೆ. ಮೂರು ಸಾಲು, ಸಾಲಿಗೆ 50 ಎಲೆ. ಪಂಕ್ತಿ ಊಟದಲ್ಲಿ ಬಡಿಸುವವರ ಸಂಖ್ಯೆಯನ್ನು ಗೊತ್ತುಮಾಡುವುದು ಬರುವ ಜನವಲ್ಲ, ಒಮ್ಮೆಗೆ ಬೀಳುವ ಎಲೆ. 600 ಜನರೆಂದರೆ ನಾಲ್ಕು ಪಂಕ್ತಿ, 900 ಆದರೆ ಆರು. ಕೈಗಳು ಅಷ್ಟೇ, ಹೊತ್ತು ಮಾತ್ರ ಹೆಚ್ಚು. ಉಣ್ಣಲು 35 ನಿಮಿಷ, ಎಲೆ ಎತ್ತಿ ಒರೆಸಿ ಮತ್ತೆ ಹಾಕಲು 10 ನಿಮಿಷ ಹಿಡಿದರೆ, ನಮ್ಮ ನಾಲ್ಕು ಪಂಕ್ತಿ 12 ಗಂಟೆಗೆ ಶುರುವಾಗಿ 3ಕ್ಕೆ ಮುಗಿಯಬೇಕು.

ಈಗ ಒಂದು ಸಾಲಿನ ಒಳಗೆ ಹೋಗೋಣ. ಪಳಗಿದವರು ಒಂದು ಎಲೆಗೆ ಅನ್ನ ಹಾಕಿ ಮುಂದೆ ಸರಿಯಲು ನಾಲ್ಕು ಸೆಕೆಂಡು ಸಾಕು. 50 ಎಲೆಗೆ ಮೂರೂವರೆ ನಿಮಿಷವೂ ಆಗದು. ಅದೇ ಒಬ್ಬರೇ 150 ಎಲೆಗೆ ನಡೆದರೆ ಹತ್ತು ನಿಮಿಷ; ಅಷ್ಟರಲ್ಲಿ ಮೊದಲ ಎಲೆಯ ಅನ್ನ ಆರಿರುತ್ತದೆ. ಆದ್ದರಿಂದ ಸಾಲಿಗೊಂದು ತಂಡ. ಅನ್ನದ ಬೆನ್ನಿಗೆ ತೊವ್ವೆ, ತೊವ್ವೆಯ ಬೆನ್ನಿಗೆ ತುಪ್ಪ, ನಡುವೆ ನಾಲ್ಕೈದು ಎಲೆಗಿಂತ ಅಂತರ ಬೀಳಬಾರದು. ಹೀಗೆ ಸಾಲಿಗೆ ಮೂವರು, ಒಟ್ಟು ಒಂಬತ್ತು. ಸಾರು, ಹುಳಿ, ಹೋಳಿಗೆ ಎಲ್ಲಕ್ಕೂ ಇವರೇ ಬಕೆಟ್ ಬದಲಿಸಿಕೊಂಡು ಬರುತ್ತಾರೆ. ಆದರೆ ಬಕೆಟ್ ತುಂಬಿಸಿಕೊಳ್ಳಲು ಅಡುಗೆಮನೆಗೆ ಅವರೇ ಓಡಿದರೆ ಸರಪಳಿ ಕಡಿಯುತ್ತದೆ. ಅದಕ್ಕೆಂದೇ ಬೇರೆ ಇಬ್ಬರು. ಜನ ಸಾಲದೆಂಬುದು ಉಣ್ಣುವವರ ಕೈ ನೋಡಿದರೆ ತಿಳಿಯುತ್ತದೆ. ಬೆರಳು ಸುಮ್ಮನೆ ಬರಿ ಅನ್ನದಲ್ಲಿ ಗುಳಿ ತೋಡುತ್ತಿದ್ದರೆ ಸಾರು ತಡವಾಗಿದೆ ಎಂದೇ ಅರ್ಥ.

ನೀರಿಗೆ ಸಾಲಿಗೊಬ್ಬರು, ಮೂವರು. ಎಲೆ ಎತ್ತಲು ಐವರು: ತಲೆಗೆ 30 ಎಲೆ, ಎಲೆಗೆ 20 ಸೆಕೆಂಡು, ಸರಿಯಾಗಿ ಹತ್ತು ನಿಮಿಷ. ಬೇರೊಂದು ಮದುವೆಯಲ್ಲಿ ಮೂವರೇ ಸಾಕೆಂದು ಬಿಟ್ಟಿದ್ದೆ. ಪ್ರತಿ ಸಲವೂ ಹದಿನೇಳು ನಿಮಿಷ ಹಿಡಿಯಿತು. ಮೂರು ಬಿಡುವಿಗೆ ಸುಮಾರು 20 ನಿಮಿಷ ಹೆಚ್ಚಿಗೆ ಹೋಯಿತು, ಕೊನೆಯ ಪಂಕ್ತಿಯವರು ಉಣ್ಣುವವರ ಕುರ್ಚಿ ಹಿಡಿದು ಹಿಂದೆ ನಿಂತರು. ಹಿಂದೆ ಯಾರೋ ಕಾಯುತ್ತಿರುವಾಗ ಹೋಳಿಗೆಯನ್ನು ನೆಮ್ಮದಿಯಿಂದ ಯಾರು ತಿಂದಾರು? ಆ ದೃಶ್ಯ ನನ್ನನ್ನು ಬಹಳ ದಿನ ಕಾಡಿತು.

ಬಫೆಗೆ ಈ ಲೆಕ್ಕ ಹೊಂದದು. ಅಲ್ಲಿ ಜನ ಸಾಲಾಗಿ ಬರುವುದಿಲ್ಲ, ನುಗ್ಗುತ್ತಾರೆ. ಎಲ್ಲಕ್ಕಿಂತ ನಿಧಾನವಾದ ಕಡೆ, ಹೆಚ್ಚಾಗಿ ದೋಸೆ ಕಾವಲಿಯ ಮುಂದೆ, ಸಾಲು ಬೆಳೆಯುತ್ತದೆ. ಜನ ಹೆಚ್ಚಿಸಬೇಕಾದ್ದು ಅಲ್ಲಿಗೆ ಮಾತ್ರ.

ನನಗೆ ಅತಿ ಸವಿಯಾದ ಲೆಕ್ಕ ಊಟದ ಮನೆ ತೆರೆಯುವ ಮುಂಚಿನದು. ಮೇಜು ಒರೆಸುವುದು, ಪೇಪರ್ ರೋಲ್ ಹಾಸುವುದು, 600 ಎಲೆ ತೊಳೆದು ಸೀಳಿದ್ದನ್ನು ಬೇರ್ಪಡಿಸುವುದು, ಲೋಟ, ಬಕೆಟ್, ಸೌಟು ಜೋಡಿಸುವುದು. ಎಲ್ಲ ಸೇರಿ ಒಬ್ಬರೇ ಮಾಡಿದರೆ 12 ಗಂಟೆಯ ಕೆಲಸ. ನಾಲ್ಕು ಗಂಟೆ ಸಿಕ್ಕಿದ್ದರೆ ಮೂವರು ಸಾಕಿತ್ತು. ಆದರೆ ತಿಂಡಿ ನಡೆಯುವುದೂ ಅದೇ ಮನೆಯಲ್ಲಿ. ತಿಂಡಿ ಹತ್ತೂವರೆಗೆ ಮುಗಿದರೆ ಉಳಿಯುವುದು ಒಂದೂವರೆ ಗಂಟೆ, ಅದಕ್ಕೆ ಎಂಟು ಜನ ಬೇಕು. ಎಲೆ ಎತ್ತುವ ಐವರು, ನೀರಿನ ಮೂವರು: ಎಂಟು! ಹೊಸಬರು ಬೇಡ, ಇವರನ್ನೇ ಬೇಗ ಕರೆಸಿದರಾಯಿತು. ಬಡಿಸುವವರು ಹನ್ನೊಂದೂವರೆಗೆ ಬಂದರೆ ಸಾಕು. ಇದು ಹೊಂದಿ ಬಂದ ರಾತ್ರಿ ಕಾಗದವನ್ನು ಮತ್ತೆ ಮತ್ತೆ ನೋಡಿದೆ.

ಆದರೂ ಒಂದು ತೊಡಕು ಉಳಿದಿತ್ತು. ಹಿತ್ತಲಲ್ಲಿ ನಲ್ಲಿ ಒಂದೇ, ಎಂಟು ಜನ ಅಲ್ಲಿ ನಿಂತರೂ ಎಲೆ ಬೇಗ ತೊಳೆಯಲಾಗದು. ಇಬ್ಬರನ್ನು ತಿಂಡಿಯ ಹೊತ್ತಿಗೇ ಕರೆಸಿ, ತೊಳೆದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿಸಿದೆ. ಮೇಜಿಗೆ ಹಾಕಿಸಿದ್ದು ಕಾಲು ಗಂಟೆ ಮುಂಚೆ ಮಾತ್ರ. ಇನ್ನೂ ಬೇಗ ಹಾಕಿದರೆ ಫ್ಯಾನಿನ ಗಾಳಿಗೆ ಅಂಚು ಸುರುಳುತ್ತದೆ.

ಒಟ್ಟು ಹತ್ತೊಂಬತ್ತು. "ಇಪ್ಪತ್ತನೆಯವರು ಯಾರು ಸ್ವಾಮಿ?" ಎಂದರು ಅಡುಗೆಯ ಭಟ್ಟರು. ನಾನೇ ಎಂದೆ. ಹನ್ನೆರಡಕ್ಕೆ ಬಾಗಿಲು ತೆರೆದಾಗ ಮೂರನೆಯ ಸಾಲಿನ ತುದಿಯಲ್ಲಿ, ಐವತ್ತನೆಯ ಎಲೆಯ ಬಳಿ ನಿಂತಿದ್ದೆ. ಅಲ್ಲಿ ಅಕ್ಕನ ಬೀಗರ ಕಡೆಯ ಅಜ್ಜಿಯೊಬ್ಬರು ಕುಳಿತಿದ್ದರು. ಅನ್ನ ಬಂತು, ತೊವ್ವೆ ಬಂತು, ತುಪ್ಪ ಬಿತ್ತು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು.