ಬಸ್‌ಸ್ಟ್ಯಾಂಡಿಗೂ ಸ್ಟೇಷನ್ನಿಗೂ ನಡುವೆ

ನಮ್ಮವ್ವ ಮೊದಲ ಸಲ ರೈಲು ಹತ್ತಬೇಕಾದದ್ದು 2024ರ ಜನವರಿಯಲ್ಲಿ. ಹತ್ತಲಿಲ್ಲ. ರೈಲು ಸರಿಯಾದ ವೇಳೆಗೇ ಬಂದು ಸರಿಯಾದ ವೇಳೆಗೇ ಹೋಯಿತು. ನಾವೂ ಊರಿಂದ ಹೊತ್ತಿಗೆ ಮುಂಚೆಯೇ ಹೊರಟಿದ್ದೆವು. ತಪ್ಪಿದ್ದು ನಡುವಿನ ಸುಮಾರು ಮೂರು ಕಿಲೋಮೀಟರಿನಲ್ಲಿ.

ತಿಕೋಟಾದಿಂದ ವಿಜಯಪುರಕ್ಕೆ ಬರುವ ಬಸ್ಸು ಊರಿನ ಪಡುವಣ ದಿಕ್ಕಿನಿಂದ ಒಳಗೆ ಬರುತ್ತದೆ. ಬಬಲೇಶ್ವರದ ಬಸ್ಸೂ ಅದೇ ನಿಲ್ದಾಣಕ್ಕೆ ಬಂದು ನಿಲ್ಲುತ್ತದೆ. ರೈಲ್ವೆ ಸ್ಟೇಷನ್ ಇರುವುದು ಮೂಡಣಕ್ಕೆ, ಗೋಲಗುಂಬಜದ ಆಚೆ. 1884ರಲ್ಲಿ ಹೋಟಗಿ–ಗದಗ ಹಳಿ ಹಾಕಿದವರು ಕೋಟೆಗೋಡೆಯ ಹೊರಗೆ ಬಯಲಿನಲ್ಲಿ ಸ್ಟೇಷನ್ ಕಟ್ಟಿದರು. ಬಸ್ಸು ಬಂದಾಗ ಅದಕ್ಕೆ ಅರಕಿಲ್ಲೆಯ ಈಚೆ ಜಾಗ ಸಿಕ್ಕಿತು. ಇಡೀ ಊರು ಇವೆರಡರ ನಡುವೆ ಕುಳಿತುಬಿಟ್ಟಿದೆ. ಆ ದಿನ ನಾವು ನಿಂತಲ್ಲಿಂದ ರೈಲಿನ ವೇಳೆ ನೋಡಿಕೊಂಡು ಸ್ಟೇಷನ್ನಿಗೆ ಹೋಗುವ ಒಂದು ಬಸ್ಸೂ ಇರಲಿಲ್ಲ.

ಅವ್ವನಿಗೆ ಬಸ್ಸು ಪುಕ್ಕಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ದುಡ್ಡಿಲ್ಲ. ಆಧಾರ್ ಕಾರ್ಡನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ನನ್ನ ತಮ್ಮ ಸ್ಲೀಪರಿನ ಎರಡು ಟಿಕೀಟು ತೆಗೆಸಿದ್ದ. ನಮ್ಮ ಹತ್ತಿರ ಜೋಳದ ಹಿಟ್ಟಿನ ಒಂದು ಚೀಲ, ಖಾರಪುಡಿಯ ಡಬ್ಬಿ, ರೊಟ್ಟಿಗಂಟು, ಒಂದು ಕೌದಿ. ರೈಲಿಗೆ ಇನ್ನೂ ಐವತ್ತು ನಿಮಿಷ ಇತ್ತು. ಮೂರು ಕಿಲೋಮೀಟರಿಗೆ ಐವತ್ತು ನಿಮಿಷ ಯಾರಿಗೆ ಸಾಲದು ಎಂದುಕೊಂಡೆ.

ಗೇಟಿನ ಹೊರಗೆ ಆಟೋದವನೊಬ್ಬ ನಮ್ಮನ್ನು ನೋಡಲಿಲ್ಲ, ಗಂಟು ನೋಡಿದ.

"ಸ್ಟೇಷನ್ನಿಗಾ? ಇನ್ನೂರಾಗ್ತದ. ಇವತ್ತ ಸಿದ್ಧೇಶ್ವರ ಜಾತ್ರಿ. ಗಾಂಧಿ ಚೌಕದಾಗ ಹಾದಿ ಬಂದ. ಸುತ್ತ ಹಾಕಿ ಹೋಗ್ಬೇಕು."

"ಇನ್ನೂರ? ನಾ ಎರಡ ಹಗಲ ಕಳೆ ತಗದ್ರ ಉಳಿಯೂದು ಅಷ್ಟ ಬಾಳ್ಯಾ" ಅಂದಳು ಅವ್ವ. "ನಡಿ, ಕಾಲ ಅದಾವು."

ಅವನು ಸುಳ್ಳು ಹೇಳಿರಲಿಲ್ಲ. ಸಂಕ್ರಮಣದ ಜಾತ್ರೆಯಲ್ಲಿ ಗಾಂಧಿ ಚೌಕದ ಸುತ್ತ ಗಾಡಿ ಆಡುವುದಿಲ್ಲ. ಸುತ್ತು ಹಾಕಿದರೆ ಎಣ್ಣೆಯೂ ಖರ್ಚು, ಅವನ ಹೊತ್ತೂ ಖರ್ಚು. ಅವನಿಗೂ ಮನೆಯಲ್ಲಿ ಒಲೆ ಇದೆ. ಆದರೆ ಆಗ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಹಿಟ್ಟಿನ ಚೀಲ ಹೆಗಲಿಗೇರಿಸಿ ನಡೆದೆ.

ಖಾಲಿ ಕೈಯಲ್ಲಿ ಹತ್ತು ನಿಮಿಷಕ್ಕೆ ಸಿಗುವ ಗಾಂಧಿ ಚೌಕಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಕಬ್ಬು, ಬೆಂಡು ಬತ್ತಾಸು, ಪೀಪಿ ಊದುವ ಹುಡುಗರು, ಜನವೋ ಜನ. ಉಳಿದ ದಿನ ಅಲ್ಲಿಂದ ಗೋಲಗುಂಬಜದ ಕಡೆ ಶೇರ್ ಆಟೋ, ಟಂಟಂ ಸಿಗುತ್ತವೆ. ಆ ದಿನ ಒಂದೂ ಇರಲಿಲ್ಲ. ಬಸವೇಶ್ವರ ಚೌಕ ದಾಟಿದ ಮೇಲೆ ಒಂದು ಟಂಟಂ ಕಂಡಿತು. ತಲೆಗೆ ಇಪ್ಪತ್ತು ರೂಪಾಯಿ. ಹತ್ತಿ ಕುಳಿತೆವು. ಅದು ಹೊರಡಲಿಲ್ಲ.

"ಇನ್ನ ನಾಕ ಮಂದಿ ಬರ್ಲಿ."

ಶೇರ್ ಗಾಡಿಯ ಲೆಕ್ಕ ಇದೇ. ಅದು ಗಡಿಯಾರ ನೋಡಿ ಹೊರಡುವುದಿಲ್ಲ, ಸೀಟು ನೋಡಿ ಹೊರಡುತ್ತದೆ. ಕೊನೆಗೆ ತುಂಬಿತು. ಅಂಬೇಡ್ಕರ್ ಸರ್ಕಲ್ ಬಂದಾಗ ಅವ್ವ ಓಡುವ ಗಾಡಿಯಲ್ಲೇ ಕೈ ಮುಗಿದಳು. ಗೋಲಗುಂಬಜದ ಮುಂದೆ ಇಳಿಸಿ ಅವನು ಬೇರೆ ಕಡೆ ತಿರುಗಿದ. ಅಲ್ಲಿಂದ ಸ್ಟೇಷನ್ನಿಗೆ ಮತ್ತೆ ನಡಿಗೆ. ಹೊರೆ ಹೊತ್ತವರಿಗೆ ಆ ನಡಿಗೆ ಸಣ್ಣದಲ್ಲ. ನಾವು ಒಳಗೆ ಕಾಲಿಟ್ಟಾಗ ರೈಲಿನ ಬಾಲ ಕಂಡಿತು.

ಅವ್ವ ಬೆಂಚಿನ ಮೇಲೆ ಕೂಡಲಿಲ್ಲ, ನೆಲದ ಮೇಲೆ ಗಂಟಿಗೆ ಒರಗಿ ಕೂತಳು. "ದುಡ್ಡ ತಿರುಗಿ ಕೊಡ್ತಾರೇನೋ?" ಅಂದಳು.

ಕೊಡುವುದಿಲ್ಲ. ಖಾತ್ರಿಯಾದ ಟಿಕೀಟು ಇಟ್ಟುಕೊಂಡು ರೈಲು ತಪ್ಪಿಸಿಕೊಂಡರೆ ಹಣ ಹೋದ ಹಾಗೆಯೇ. 2019ರಿಂದ ಒಂದು ನಿಯಮ ಇದೆ. ಎರಡು ರೈಲಿನ ಟಿಕೀಟುಗಳನ್ನು ಒಂದಕ್ಕೊಂದು ಜೋಡಿಸಿದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಆ ಎರಡನೆಯದರ ಹಣ ಹಿಂದಕ್ಕೆ ಕೇಳಬಹುದು. ಆದರೆ ಬಸ್ಸಿನಿಂದ ರೈಲಿಗೆ ಬರುವವರಿಗೆ ಅದು ಇಲ್ಲ. ಬಸ್ಸಿನವರ ಜವಾಬ್ದಾರಿ ನಿಲ್ದಾಣದ ಗೇಟಿಗೆ ಮುಗಿಯಿತು. ರೈಲಿನವರದು ಪ್ಲಾಟ್‌ಫಾರ್ಮಿನಲ್ಲಿ ಶುರುವಾಗುತ್ತದೆ. ನಡುವಿನದು ಯಾರದೂ ಅಲ್ಲ. ಯಾರದೂ ಅಲ್ಲದ್ದೆಲ್ಲ ಕೊನೆಗೆ ನಮ್ಮ ಹೆಗಲ ಮೇಲೆಯೇ ಬರುತ್ತದೆ. ತಮ್ಮ ಹಲಗೆ ಮೇಲೆ ನಿಂತು ಗಾರೆ ಬಳಿದು ಗಳಿಸಿದ ಕೂಲಿ ಆ ಮೂರು ಕಿಲೋಮೀಟರಿಗೆ ಬಿತ್ತು.

ಸ್ವಂತ ಗಾಡಿ ಇದ್ದವನಿಗೆ ಇದೊಂದು ಸಮಸ್ಯೆಯೇ ಅಲ್ಲ. ಊರಿನಿಂದ ಹೊರಟವನು ನೇರ ಸ್ಟೇಷನ್ನಿನ ಮುಂದೆ ಇಳಿಯುತ್ತಾನೆ. ಇಪ್ಪತ್ತು ಕಿಲೋಮೀಟರು ಪುಕ್ಕಟೆ ಬಂದ ಅವ್ವ ಮೂರು ಕಿಲೋಮೀಟರಿಗೆ ಇನ್ನೂರು ಕೊಡಬೇಕು, ಇಲ್ಲವೇ ಹೊತ್ತು ಕೊಡಬೇಕು.

ಆ ರಾತ್ರಿ ಊರಿಗೆ ಮರಳಿ ಒಂದು ಲೆಕ್ಕ ಬರೆದೆ. ಲೆಕ್ಕವನ್ನು ರೈಲಿನಿಂದ ಹಿಂದಕ್ಕೆ ಮಾಡಬೇಕು. ಮುದುಕರು, ಗಂಟು ಇದ್ದರೆ ರೈಲಿಗೆ ಇಪ್ಪತ್ತು ನಿಮಿಷ ಮುಂಚೆ ಸ್ಟೇಷನ್ನಿನಲ್ಲಿರಬೇಕು. ಗೋಲಗುಂಬಜದಿಂದ ನಡೆಯಲು ಹದಿನೈದು. ಟಂಟಂ ಓಡಲು ಹದಿನೈದು. ಅದು ತುಂಬಲು ಇಪ್ಪತ್ತು. ನಿಲ್ದಾಣದಿಂದ ಗಾಂಧಿ ಚೌಕಕ್ಕೆ ಹೊರೆ ಹೊತ್ತು ಇಪ್ಪತ್ತು. ಕೂಡಿಸಿದರೆ ತೊಂಬತ್ತು ನಿಮಿಷ. ನನ್ನ ಕೈಯಲ್ಲಿ ಇದ್ದದ್ದು ಐವತ್ತು. ಬಸ್ಸಿನ ಹಾದಿಗೆ ಒಂದು ತಾಸು ಸೇರಿಸಿದರೆ ತಿಕೋಟಾವನ್ನು ರೈಲಿಗೆ ಎರಡೂವರೆ ತಾಸು ಮುಂಚೆ ಬಿಡಬೇಕು. ಜಾತ್ರೆ, ಮೆರವಣಿಗೆ ಇದ್ದ ದಿನ ಈ ಲೆಕ್ಕವೂ ಸುಳ್ಳು. ಆಗ ಸುತ್ತು ಹಾಕುವ ಆಟೋ ಒಂದೇ ಹಾದಿ. ಇದು ನಿಲ್ದಾಣದ ಗೇಟಿನಲ್ಲೇ ಗೊತ್ತಾಗುತ್ತದೆ. ಒಬ್ಬ ಆಟೋದವನು "ಹಾದಿ ಬಂದ" ಎಂದರೆ ನಂಬದಿರಬಹುದು. ಮೂವರು ಅದನ್ನೇ ಹೇಳಿದರೆ, ಗಾಂಧಿ ಚೌಕದ ಕಡೆಯಿಂದ ಶೇರ್ ಗಾಡಿ ಬರುವುದು ನಿಂತಿದ್ದರೆ, ಹಾದಿ ನಿಜವಾಗಿಯೂ ಬಂದಾಗಿದೆ. 139ಕ್ಕೆ ಫೋನು ಮಾಡಿದರೆ ರೈಲು ತಡವಿದೆಯೇ ಎಂಬುದು ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ ಓಡಬೇಕೋ ನಡೆಯಬೇಕೋ ತೀರ್ಮಾನಿಸಬಹುದು.

ನಾಲ್ಕು ದಿನ ಬಿಟ್ಟು ಮತ್ತೆ ಬಂದೆವು, ಎರಡೂವರೆ ತಾಸು ಮುಂಚೆ ಹೊರಟು. ನಾನು ಗಾಂಧಿ ಚೌಕದ ಕಡೆ ಮುಖ ಮಾಡಿದೆ. ಅವ್ವ ಕದಲಲಿಲ್ಲ. ಗೇಟಿನಲ್ಲಿ ನಿಂತು, ಹೊಲದಲ್ಲಿ ಆಳು ಕರೆಯುವ ದನಿಯಲ್ಲಿ ಕೂಗಿದಳು:

"ಸ್ಟೇಷನ್ನಿಗೆ ಹೋಗಾವ್ರು ಯಾರರ ಅದೀರೇನ್ರೇ ಯವ್ವಾ?"

ನನಗೆ ನಾಚಿಕೆಯಾಯಿತು. ಆದರೆ ಬಬಲೇಶ್ವರದ ಬಸ್ಸಿನಿಂದ ಇಳಿದ ಹೆಣ್ಣುಮಗಳೊಬ್ಬಳು ತಿರುಗಿ ನೋಡಿದಳು. ಸೋಲಾಪುರದ ದವಾಖಾನೆಗೆ ಹೊರಟಿದ್ದಳು. ಅವಳೂ ಆಟೋದವರ ಮಾತು ಕೇಳಿ ಲೆಕ್ಕ ಹಾಕುತ್ತ ನಿಂತಿದ್ದಳು. ಮೂವರಾದೆವು. ಒಂದು ಆಟೋದಲ್ಲಿ ಕೂಡುವಷ್ಟೇ ಮಂದಿ. ನೂರೈವತ್ತಕ್ಕೆ ಮುಗಿಯಿತು, ತಲೆಗೆ ಐವತ್ತು. ಯಾರೂ ತುಂಬಲಿ ಎಂದು ಕಾಯಲಿಲ್ಲ. ಹದಿನೈದು ನಿಮಿಷದಲ್ಲಿ ಸ್ಟೇಷನ್ನಿನ ಮುಂದೆಯೇ ಇಳಿದೆವು.

ಎರಡು ದಾರಿಯ ಬಸ್ಸು ಬಂದು ನಿಲ್ಲುವ ಜಾಗದಲ್ಲಿ ನಮ್ಮಂಥ ಗಂಟಿನವರು ದಿನಾ ಇಳಿಯುತ್ತಾರೆ. ಒಬ್ಬೊಬ್ಬರೇ ಆಟೋದವನ ಮುಂದೆ ನಿಂತು ಸೋಲುತ್ತಾರೆ. ಈ ಮೂರು ಕಿಲೋಮೀಟರಿಗೆ ರೈಲಿನ ವೇಳೆಗೆ ಸರಿಯಾಗಿ ಒಂದು ಬಸ್ಸು ಬಿಡಿ ಎಂದು ಕೇಳುವುದು ನಮ್ಮ ಹಕ್ಕು. ಅದನ್ನು ಕೇಳಲೇಬೇಕು. ಅದು ಬರುವ ತನಕ ಅವ್ವ ಕೂಗಿದ ಹಾಗೆ ಕೂಗಬೇಕು.

ರೈಲು ಬಂದಾಗ ಅವ್ವ ಮೆಟ್ಟಿಲ ಮೇಲೆ ಕಾಲಿಟ್ಟು ಒಂದು ಸಲ ಹಿಂದಿರುಗಿ ನೋಡಿದಳು.

"ಬೆಂಗಳೂರ ದೂರ ಅಂತಿದ್ರಲ್ಲೋ" ಅಂದಳು, "ಈ ಸ್ಟೇಷನ್ನ ಅದಕಿಂತ ದೂರ ಇತ್ತು."